ಎಲ್ಲರಿಗೂ ಒಮ್ಮೆಲೇ, ಇಲ್ಲವೇ ನೂರರಲ್ಲಿ ಐವರಿಗೆ

2012ರ ಆಗಸ್ಟ್ 1ರಂದು ನ್ಯೂಯಾರ್ಕ್ ಷೇರುಪೇಟೆ ಎಂದಿನಂತೆ ಬೆಳಿಗ್ಗೆ ಒಂಬತ್ತೂವರೆಗೆ ತೆರೆಯಿತು. ಸಣ್ಣ ಹೂಡಿಕೆದಾರರ ಆರ್ಡರ್‌ಗಳಿಗಾಗಿ ರೂಪಿಸಿದ ಒಂದು ಹೊಸ ಯೋಜನೆ ಅಂದಿನಿಂದಲೇ ಜಾರಿಗೆ ಬರುವುದಿತ್ತು. ಅದಕ್ಕೆ ತಯಾರಾಗಿ ನೈಟ್ ಕ್ಯಾಪಿಟಲ್ ಎಂಬ ದಲ್ಲಾಳಿ ಸಂಸ್ಥೆ ತನ್ನ ಎಂಟು ಸರ್ವರ್‌ಗಳಿಗೆ ಹೊಸ ತಂತ್ರಾಂಶ ಹಾಕಿಸಿತ್ತು. ಹಾಗಂತ ಎಲ್ಲರೂ ನಂಬಿದ್ದರು. ನಿಜದಲ್ಲಿ ಏಳಕ್ಕೆ ಮಾತ್ರ ಹಾಕಲಾಗಿತ್ತು. ಎಂಟನೆಯದಕ್ಕೆ ಕಾಪಿ ಮಾಡುವುದನ್ನು ತಂತ್ರಜ್ಞರೊಬ್ಬರು ಮರೆತಿದ್ದರು, ಇನ್ನೊಬ್ಬರು ಕೂತು ಸರಿನೋಡುವ ಪದ್ಧತಿ ಅಲ್ಲಿರಲಿಲ್ಲ.

ಆ ಎಂಟನೆಯ ಸರ್ವರಿನಲ್ಲಿ 'ಪವರ್ ಪೆಗ್' ಎಂಬ ಹಳೆಯ ಕೋಡ್ ಇನ್ನೂ ಉಳಿದಿತ್ತು. ಸಂಸ್ಥೆ ಅದನ್ನು ಬಳಸುವುದನ್ನು 2003ರಲ್ಲೇ ನಿಲ್ಲಿಸಿತ್ತು, ಅಳಿಸಿರಲಿಲ್ಲ. ಹೊಸ ಕೋಡ್ ಬರೆದವರು ಹೊಸ ಯೋಜನೆಯ ಆರ್ಡರ್‌ಗಳನ್ನು ಗುರುತಿಸಲು ಒಂದು ಫ್ಲಾಗ್ ಆರಿಸಿಕೊಂಡರು. ಒಂದು ಕಾಲಕ್ಕೆ ಪವರ್ ಪೆಗ್ಗನ್ನು ಚಾಲೂ ಮಾಡುತ್ತಿದ್ದದ್ದು ಅದೇ ಫ್ಲಾಗ್. ಏಳು ಸರ್ವರ್‌ಗಳು ಅದನ್ನು ಹೊಸ ಅರ್ಥದಲ್ಲಿ ಓದಿದವು. ಎಂಟನೆಯದು ಹಳೆಯ ಅರ್ಥದಲ್ಲಿ ಓದಿ ಷೇರು ಕೊಳ್ಳುತ್ತ, ಮಾರುತ್ತ ಹೋಯಿತು. ಬೇಕಾದಷ್ಟು ಷೇರು ಸಿಕ್ಕ ಮೇಲೆ ನಿಲ್ಲು ಎಂದು ಹೇಳಬೇಕಾದ ಲೆಕ್ಕದ ಭಾಗವನ್ನು 2005ರಲ್ಲಿ ಕೋಡಿನ ಬೇರೆ ಜಾಗಕ್ಕೆ ಸರಿಸಿದ್ದರಿಂದ ಪವರ್ ಪೆಗ್‌ಗೆ ನಿಲ್ಲುವುದೇ ತಿಳಿಯಲಿಲ್ಲ. 212 ಸಣ್ಣ ಆರ್ಡರ್‌ಗಳಿಂದ ಹುಟ್ಟಿದ್ದು 40 ಲಕ್ಷಕ್ಕೂ ಹೆಚ್ಚು ವಹಿವಾಟು, ಅದೂ ಸುಮಾರು 45 ನಿಮಿಷಗಳಲ್ಲಿ. ನಷ್ಟ 46 ಕೋಟಿ ಡಾಲರ್ ದಾಟಿತು. ಮುಂದಿನ ವರ್ಷ ಆ ಸಂಸ್ಥೆ ಇನ್ನೊಂದರ ಜೊತೆ ವಿಲೀನವಾಯಿತು.

ಹೊಸ ಆವೃತ್ತಿಯನ್ನು ಬಳಕೆದಾರರ ಮುಂದಿಡುವ ವಿಧಾನಗಳ ಬಗ್ಗೆ ಮಾತು ಬಂದಾಗಲೆಲ್ಲ ಎಂಜಿನಿಯರುಗಳು ಈ ಕತೆ ಹೇಳುತ್ತಾರೆ. 'ಬ್ಲೂ-ಗ್ರೀನ್ ಮಾಡಿದ್ದರೆ ಉಳಿಯುತ್ತಿದ್ದರು' ಎನ್ನುವವರಿದ್ದಾರೆ, 'ಕ್ಯಾನರಿ ಮಾಡಿದ್ದರೆ ಉಳಿಯುತ್ತಿದ್ದರು' ಎನ್ನುವವರೂ ಇದ್ದಾರೆ. ಎರಡೂ ಮಾತು ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ ಎಂದು ನನಗನಿಸುತ್ತದೆ. ಅದಕ್ಕೆ ಕಾರಣ ಹೇಳುವ ಮೊದಲು ಈ ಎರಡು ವಿಧಾನಗಳು ಏನು ಮಾಡುತ್ತವೆ, ಏನು ಮಾಡುವುದಿಲ್ಲ ಎಂದು ನೋಡಬೇಕು.

ಎರಡು ಮನೆ, ಒಂದು ಬಾಗಿಲು

ಬ್ಲೂ-ಗ್ರೀನ್ ವಿಧಾನ 2005ರ ಸುಮಾರಿಗೆ ರೂಪುಗೊಂಡಿತು. ಡ್ಯಾನ್ ನಾರ್ತ್ ಮತ್ತು ಜೆಜ್ ಹಂಬಲ್ ಒಂದು ಇ-ಕಾಮರ್ಸ್ ತಾಣಕ್ಕೆ ಕೆಲಸ ಮಾಡುತ್ತಿದ್ದ ದಿನಗಳವು. ಹಂಬಲ್ ಮತ್ತು ಡೇವಿಡ್ ಫಾರ್ಲಿ 2010ರಲ್ಲಿ ತಂದ 'ಕಂಟಿನ್ಯುಯಸ್ ಡೆಲಿವರಿ' ಪುಸ್ತಕದ ಮೂಲಕ ಅದು ಎಲ್ಲ ಕಡೆ ಹರಡಿತು. ಇಲ್ಲಿ ಪ್ರೊಡಕ್ಷನ್ ವ್ಯವಸ್ಥೆಯ ಎರಡು ಪೂರ್ತಿ ಪ್ರತಿಗಳಿರುತ್ತವೆ. ಬ್ಲೂ ಎಂಬುದರಲ್ಲಿ ಹಳೆಯ ಆವೃತ್ತಿ ಓಡುತ್ತಿರುತ್ತದೆ, ಬಳಕೆದಾರರೆಲ್ಲ ಅಲ್ಲೇ ಇರುತ್ತಾರೆ. ಗ್ರೀನ್‌ನಲ್ಲಿ ಹೊಸ ಆವೃತ್ತಿ ಹಾಕಿ, ಎಲ್ಲ ಸರ್ವರ್‌ಗಳೂ ಎದ್ದಿವೆಯೇ, ಲಾಗಿನ್ ಆಗುತ್ತದೆಯೇ, ಪಾವತಿಯ ಪುಟ ತೆರೆಯುತ್ತದೆಯೇ ಎಂದು ತಂಡದವರೇ ನೋಡಿಕೊಳ್ಳುತ್ತಾರೆ. ಸಮಾಧಾನವಾದ ಮೇಲೆ ಮುಂದೆ ನಿಂತಿರುವ ಲೋಡ್ ಬ್ಯಾಲೆನ್ಸರಿಗೆ ಒಂದು ಆದೇಶ. ಆ ಕ್ಷಣದಿಂದ ಬರುವ ಎಲ್ಲ ಕೋರಿಕೆಗಳೂ ಗ್ರೀನ್‌ಗೆ ಹೋಗುತ್ತವೆ. ಬ್ಲೂ ಖಾಲಿಯಾದರೂ ಓಡುತ್ತಲೇ ಇರುತ್ತದೆ. ಏನಾದರೂ ಕೆಟ್ಟರೆ ಅದೇ ಆದೇಶವನ್ನು ತಿರುಗಿಸಿ ಕೊಟ್ಟರಾಯಿತು.

ಇದರ ಬಲ ಇರುವುದು ಹಿಂದಿರುಗುವ ವೇಗದಲ್ಲಿ. ಹಳೆಯ ಕೋಡನ್ನು ಮತ್ತೆ ಬಿಲ್ಡ್ ಮಾಡಿ ಹಾಕುವ ಗೋಜಿಲ್ಲ, ಅದು ಎದ್ದು ಕೂತೇ ಇರುತ್ತದೆ. ಆದರೆ ಈ ತಿರುಗಿಸುವ ಕೆಲಸವನ್ನು ಡಿಎನ್‌ಎಸ್ ವಿಳಾಸ ಬದಲಿಸಿ ಮಾಡಹೊರಟವರು ಕಷ್ಟಕ್ಕೆ ಸಿಕ್ಕುತ್ತಾರೆ. ಹಳೆಯ ವಿಳಾಸವನ್ನು ಎಲ್ಲೆಲ್ಲೋ ಇರುವ ರೂಟರುಗಳು, ಫೋನುಗಳು, ಕಂಪನಿಗಳ ಜಾಲಗಳು ನೆನಪಿಟ್ಟುಕೊಂಡಿರುತ್ತವೆ. ಒಂದಷ್ಟು ಮಂದಿ ಬಹಳ ಹೊತ್ತು ಹಳೆಯ ಕಡೆಗೇ ಬರುತ್ತಿರುತ್ತಾರೆ, ಹಿಂದಕ್ಕೆ ತಿರುಗಿಸಿದಾಗಲೂ ಅಷ್ಟೇ ನಿಧಾನ. ತಿರುಗಿಸುವ ಬಾಗಿಲು ನಮ್ಮ ಕೈಯಲ್ಲೇ ಇರಬೇಕು.

ಇನ್ನೊಂದು ಹಳ್ಳ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಬಾಗಿಲು ತಡೆಯುವುದು ಬಳಕೆದಾರರ ಕೋರಿಕೆಗಳನ್ನು ಮಾತ್ರ. ಗ್ರೀನ್‌ನಲ್ಲಿ ಕ್ಯೂನಿಂದ ಸಂದೇಶ ಎತ್ತಿಕೊಂಡು ಕೆಲಸ ಮಾಡುವ ಪ್ರೋಗ್ರಾಮುಗಳೂ ರಾತ್ರಿ ಹನ್ನೆರಡಕ್ಕೆ ತಾನಾಗಿ ಓಡುವ ಕ್ರಾನ್ ಜಾಬುಗಳೂ ಇದ್ದರೆ, ಅವು ಯಾರ ಅಪ್ಪಣೆಗೂ ಕಾಯುವುದಿಲ್ಲ. ಗ್ರೀನ್ ಎದ್ದ ಕೂಡಲೇ ನಿಜವಾದ ಕ್ಯೂನಿಂದ ನಿಜವಾದ ಕೆಲಸ ಎತ್ತಿಕೊಳ್ಳುತ್ತವೆ. ಇನ್ನೂ ಟ್ರಾಫಿಕ್ ಬಿಟ್ಟಿಲ್ಲ ಎಂದು ತಂಡ ನೆಮ್ಮದಿಯಿಂದಿರುವಾಗಲೇ ಗ್ರಾಹಕರಿಗೆ ಒಂದೇ ಎಸ್‌ಎಂಎಸ್ ಎರಡೆರಡು ಸಲ ಹೋಗಿರುತ್ತದೆ. ಹೀಗಾಗಿ ಇವುಗಳಿಗೆ ಬೇರೆಯದೇ ಸ್ವಿಚ್ ಇಡಬೇಕಾಗುತ್ತದೆ. ಕ್ಯಾನರಿಯಲ್ಲೂ ಈ ಹಳ್ಳ ಇದ್ದೇ ಇದೆ.

ಹಕ್ಕಿಯ ಪಾಲು

ಕ್ಯಾನರಿ ಎಂಬ ಹೆಸರು ಕಲ್ಲಿದ್ದಲು ಗಣಿಯಿಂದ ಬಂದದ್ದು. ಬ್ರಿಟನ್ನಿನ ಗಣಿ ಕಾರ್ಮಿಕರು ಕಾರ್ಬನ್ ಮೊನಾಕ್ಸೈಡ್ ವಿಷಾನಿಲದ ಮುನ್ಸೂಚನೆಗಾಗಿ ಪಂಜರದಲ್ಲಿ ಹಕ್ಕಿ ಒಯ್ಯುತ್ತಿದ್ದರು. 1890ರ ದಶಕದಲ್ಲಿ ಇದನ್ನು ಸೂಚಿಸಿದ್ದು ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್. 1986ರ ಹೊತ್ತಿಗೆ ಎಲೆಕ್ಟ್ರಾನಿಕ್ ಉಪಕರಣ ಬಂದು ಹಕ್ಕಿಗೆ ಬಿಡುಗಡೆಯಾಯಿತು.

ತಂತ್ರಾಂಶದ ಕ್ಯಾನರಿಯಲ್ಲಿ ಹೊಸ ಆವೃತ್ತಿಯನ್ನು ಒಂದೆರಡು ಸರ್ವರ್‌ಗಳಿಗೆ ಮಾತ್ರ ಹಾಕಿ, ಬಳಕೆದಾರರಲ್ಲಿ ಒಂದು ಸಣ್ಣ ಪಾಲನ್ನು, ಶೇ 1 ಅಥವಾ ಶೇ 5 ಎನ್ನಿ, ಅಲ್ಲಿಗೆ ಕಳಿಸುತ್ತಾರೆ. ಸ್ವಲ್ಪ ಹೊತ್ತು ಅಳೆಯುತ್ತಾರೆ. ಸರಿಯಿದ್ದರೆ ಶೇ 25, ಶೇ 50, ಕೊನೆಗೆ ಎಲ್ಲರೂ. ಕೆಟ್ಟರೆ ಆ ಪಾಲನ್ನು ಸೊನ್ನೆಗೆ ಇಳಿಸುತ್ತಾರೆ. ಇದನ್ನು ಇನ್ನೊಂದು ಬಗೆಯ ಟೆಸ್ಟಿಂಗ್ ಎಂದು ಸುಮ್ಮನೆ ಕರೆಯುವವರು ಒಂದು ವಿಷಯ ಮರೆಯುತ್ತಾರೆ: ಕಾವಲಿಯ ಮೊದಲ ದೋಸೆಯನ್ನು ಇಲ್ಲಿ ಮನೆಯವರು ತಿನ್ನುವುದಿಲ್ಲ, ನೇರವಾಗಿ ಅತಿಥಿಗೇ ಬಡಿಸುತ್ತಾರೆ. ಅತಿಥಿಗೆ ಅದು ಗೊತ್ತಿರುವುದೂ ಇಲ್ಲ. ಹಾಗಾಗಿ ತಂಡದೊಳಗಿನ ಪರೀಕ್ಷೆಗಳೆಲ್ಲ ಮುಗಿದ ಮೇಲಷ್ಟೇ ಇದಕ್ಕೆ ಇಳಿಯುವುದು ಮರ್ಯಾದೆ.

ಯಾರು ಆ ಐದು ಶೇಕಡಾ ಎಂದು ಹೇಗೆ ಆರಿಸುವುದು? ಪ್ರತಿ ಕೋರಿಕೆಗೂ ಚೀಟಿ ಎತ್ತಿದರೆ ಒಬ್ಬನೇ ಬಳಕೆದಾರ ಒಂದು ಪುಟವನ್ನು ಹೊಸದರಲ್ಲೂ ಮುಂದಿನದನ್ನು ಹಳೆಯದರಲ್ಲೂ ನೋಡುತ್ತಾನೆ. ಹೊಸ ಪುಟ ಕೇಳಿದ ಫೈಲ್ ಹಳೆಯ ಸರ್ವರಿನಲ್ಲಿ ಇಲ್ಲದೆ ಪುಟವೇ ಮುರಿಯುತ್ತದೆ. ಆದ್ದರಿಂದ ವ್ಯಕ್ತಿಯನ್ನು ಹಿಡಿದು ಹಂಚಬೇಕು. ಎನ್‌ಜಿನ್‌ಎಕ್ಸ್‌ನಲ್ಲಿ ಇದು ನಾಲ್ಕು ಸಾಲಿನ ಮಾತು:

```
split_clients "$cookie_uid" $pool {
    5%   canary;
    *    stable;
}
```

ಕುಕಿಯಲ್ಲಿರುವ ಬಳಕೆದಾರ ಗುರುತಿನಿಂದ ಒಂದು ಸಂಖ್ಯೆ ಮಾಡಿ, ಅದು ಮೊದಲ ಶೇ 5ರೊಳಗೆ ಬಿದ್ದರೆ `canary` ಗುಂಪಿಗೆ, ಇಲ್ಲದಿದ್ದರೆ `stable` ಗುಂಪಿಗೆ. ಒಂದೇ ಗುರುತಿಗೆ ಸದಾ ಒಂದೇ ಸಂಖ್ಯೆ ಬರುವುದರಿಂದ ಯಾರೂ ಅತ್ತಿತ್ತ ಓಲಾಡುವುದಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮೊದಲ ಸಲ ಬಂದವರಿಗೆ ಇನ್ನೂ ಕುಕಿಯೇ ಇರುವುದಿಲ್ಲ. ಅವರೆಲ್ಲರ ಗುರುತೂ ಖಾಲಿ, ಖಾಲಿಗೂ ಸದಾ ಒಂದೇ ಸಂಖ್ಯೆ. ಅಂದರೆ ಹೊಸಬರೆಲ್ಲ ಇಡಿಯಾಗಿ ಒಂದೇ ಕಡೆ ಹೋಗುತ್ತಾರೆ. ಅವರು ಹಳೆಯ ಕಡೆ ಬಿದ್ದರೆ ಹೊಸದಾಗಿ ಖಾತೆ ತೆರೆಯುವ ದಾರಿಯನ್ನು ಕ್ಯಾನರಿ ಪರೀಕ್ಷಿಸಿಯೇ ಇರುವುದಿಲ್ಲ. ಕ್ಯಾನರಿ ಕಡೆ ಬಿದ್ದರೆ ಶೇ 5 ಎಂದುಕೊಂಡದ್ದು ಶೇ 20 ಆಗಿರಬಹುದು. ನಾವು ಬರೆದಿಟ್ಟ ಪಾಲನ್ನು ನಂಬದೆ, ಕ್ಯಾನರಿಗೆ ನಿಜಕ್ಕೂ ಬಂದ ಕೋರಿಕೆಗಳನ್ನು ಎಣಿಸಿ ನೋಡಬೇಕು.

ಒಂದು ಲೆಕ್ಕ

ಎರಡನ್ನೂ ತೂಗಲು ಒಂದು ಬಸ್ ಟಿಕೆಟ್ ತಾಣವನ್ನು ಕಲ್ಪಿಸಿಕೊಳ್ಳೋಣ. ಹಬ್ಬದ ಮುಂಚಿನ ಸಂಜೆ, ನಿಮಿಷಕ್ಕೆ 1,200 ಪಾವತಿ ಯತ್ನಗಳು. ಎಲ್ಲ ಸರಿಯಿದ್ದಾಗಲೂ ಶೇ 2ರಷ್ಟು ವಿಫಲವಾಗುತ್ತವೆ: ಒಟಿಪಿ ಬರಲಿಲ್ಲ, ಖಾತೆಯಲ್ಲಿ ಹಣವಿಲ್ಲ, ಬ್ಯಾಂಕ್ ಉತ್ತರಿಸಲಿಲ್ಲ. ಹೊಸ ಆವೃತ್ತಿಯಲ್ಲಿ ಒಂದು ಬಗ್ ಇದೆ. ಒಂದು ಬಗೆಯ ಯುಪಿಐ ಉತ್ತರವನ್ನು ಅದು ತಪ್ಪಾಗಿ ಓದುತ್ತದೆ, ಹಾಗಾಗಿ ವೈಫಲ್ಯ ಶೇ 10ಕ್ಕೆ ಏರುತ್ತದೆ. ಅಂದರೆ ನೂರಕ್ಕೆ ಎಂಟು ಮಂದಿ ಹೆಚ್ಚುವರಿಯಾಗಿ ಪೆಟ್ಟು ತಿನ್ನುತ್ತಾರೆ.

ಬ್ಲೂ-ಗ್ರೀನ್‌ನಲ್ಲಿ ಬಾಗಿಲು ತಿರುಗಿದ ಕ್ಷಣದಿಂದ ನಿಮಿಷಕ್ಕೆ 96 ಮಂದಿಗೆ ಹೀಗಾಗುತ್ತದೆ. ಎಚ್ಚರಿಕೆಯ ಗಂಟೆ ಹೊಡೆಯಲು ಐದು ನಿಮಿಷ, ಡ್ಯೂಟಿಯಲ್ಲಿರುವವರು ಲ್ಯಾಪ್‌ಟಾಪ್ ತೆರೆದು, ಇದು ಬ್ಯಾಂಕಿನ ತೊಂದರೆಯೋ ನಮ್ಮದೋ ಎಂದು ನಿರ್ಧರಿಸಲು ನಾಲ್ಕು, ತಿರುಗಿಸಲು ಒಂದು. ಹತ್ತು ನಿಮಿಷ, 960 ಜನ. ಇದು ಒಳ್ಳೆಯ ತಂಡದ ಲೆಕ್ಕ. ಸಾಮಾನ್ಯ ತಂಡದಲ್ಲಿ ನಿರ್ಧಾರಕ್ಕೇ ಕಾಲು ಗಂಟೆ ಹಿಡಿಯುತ್ತದೆ, ಯಾಕೆಂದರೆ ಹಿಂದಿರುಗೋಣ ಎಂದು ಹೇಳುವ ಅಧಿಕಾರ ಯಾರಿಗಿದೆ ಎಂದು ಮೊದಲು ತಿಳಿಯಬೇಕು.

ಕ್ಯಾನರಿಯಲ್ಲಿ ಶೇ 5 ಎಂದರೆ ನಿಮಿಷಕ್ಕೆ 60 ಯತ್ನ. ಅದೇ ಹತ್ತು ನಿಮಿಷದಲ್ಲಿ 600. ಹಳೆಯ ದರದಲ್ಲಿ 12 ವೈಫಲ್ಯ ಕಾಣಬೇಕಿದ್ದಲ್ಲಿ ಸುಮಾರು 60 ಕಾಣುತ್ತವೆ. ಯಾರಿಗೂ ಅನುಮಾನ ಉಳಿಯುವುದಿಲ್ಲ. ಪೆಟ್ಟು ತಿಂದವರು 48. ಡ್ಯೂಟಿಯಲ್ಲಿರುವವರು ಕಾಫಿಗೆ ಹೋಗಿ ಇನ್ನೂ ಹತ್ತು ನಿಮಿಷ ತಡವಾದರೂ ನೂರು ದಾಟುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಕ್ಯಾನರಿಯೇ ಗೆದ್ದಂತೆ. ಹೆಚ್ಚಿನ ಹೋಲಿಕೆಗಳು ಇಲ್ಲಿಗೇ ನಿಲ್ಲುತ್ತವೆ. ಈಗ ಬಗ್ಗನ್ನು ಸಣ್ಣದು ಮಾಡಿ ನೋಡಿ. ವೈಫಲ್ಯ ಶೇ 2ರಿಂದ ಶೇ 2.5ಕ್ಕೆ ಮಾತ್ರ ಏರಿತು ಎನ್ನೋಣ. ಕ್ಯಾನರಿಯ ಹತ್ತು ನಿಮಿಷದಲ್ಲಿ 12ರ ಜಾಗದಲ್ಲಿ 15 ವೈಫಲ್ಯ. ಆದರೆ ಏನೂ ಬದಲಾಗದ ದಿನವೂ ಆ 12 ಎಂಬುದು ಒಮ್ಮೆ 9, ಒಮ್ಮೆ 16 ಆಗುತ್ತಿರುತ್ತದೆ. 15 ನೋಡಿ ಯಾರೂ ಏನೂ ಹೇಳಲಾರರು. ಇಷ್ಟು ಸಣ್ಣ ವ್ಯತ್ಯಾಸ ಆಕಸ್ಮಿಕವಲ್ಲ ಎಂದು ಗಟ್ಟಿಯಾಗಿ ಹೇಳಲು ಸುಮಾರು 7,000 ಯತ್ನಗಳಾದರೂ ಬೇಕು. ಶೇ 5ರ ಕ್ಯಾನರಿಯಲ್ಲಿ ಅದಕ್ಕೆ ಹತ್ತಿರಹತ್ತಿರ ಎರಡು ಗಂಟೆ. ಬ್ಲೂ-ಗ್ರೀನ್‌ನಲ್ಲಿ ಆರು ನಿಮಿಷ.

ಆ 7,000ದಲ್ಲಿ ಹೆಚ್ಚುವರಿಯಾಗಿ ಪೆಟ್ಟು ತಿಂದವರು ಎಷ್ಟು? ಎರಡೂ ಕಡೆ 35 ಜನ. ತಪ್ಪನ್ನು ಗುರುತಿಸಲು ಬೇಕಾದ ಸಾಕ್ಷ್ಯದ ಮೊತ್ತ ಒಂದೇ, ಅದನ್ನು ಕೊಡುವವರು ಬಳಕೆದಾರರೇ, ನಾವು ನಿಧಾನವಾಗಿ ಕೇಳಿದರೂ ಬೇಗ ಕೇಳಿದರೂ. ಹಾಗಾದರೆ ಕ್ಯಾನರಿ ಉಳಿಸಿದ್ದೇನು? ಸಾಕ್ಷ್ಯ ಸಿಕ್ಕ ಮೇಲೂ ಮನುಷ್ಯರು ತಡಮಾಡುವ ಆ ಕೆಲವು ನಿಮಿಷಗಳನ್ನು. ದೊಡ್ಡ ತಪ್ಪು ಮೊದಲ ಕೆಲವು ಕ್ಷಣಗಳಲ್ಲೇ ಸಾಬೀತಾಗಿರುತ್ತದೆ, ಉಳಿದದ್ದೆಲ್ಲ ನಮ್ಮ ತಡ. ಆ ತಡದ ಬೆಲೆಯನ್ನು ಕ್ಯಾನರಿ ಇಪ್ಪತ್ತರಲ್ಲಿ ಒಂದಕ್ಕೆ ಇಳಿಸುತ್ತದೆ. ಸಣ್ಣ ತಪ್ಪಿನಲ್ಲಿ ಅದರ ಲಾಭ ಅಷ್ಟೇನಿಲ್ಲ. ದಿನಕ್ಕೆ ಐನೂರು ವಹಿವಾಟು ನಡೆಯುವ ಸಣ್ಣ ತಾಣಕ್ಕಂತೂ ಶೇ 5ರ ಕ್ಯಾನರಿ ಎಂದರೆ ದಿನಕ್ಕೆ 25 ವಹಿವಾಟು, ಅದರಿಂದ ಏನನ್ನೂ ತಿಳಿಯಲಾಗುವುದಿಲ್ಲ. ಅಂಥವರು ದೊಡ್ಡ ಕಂಪನಿಗಳನ್ನು ನೋಡಿ ಕ್ಯಾನರಿಗೆ ಹೊರಡುವುದು ನನಗೆ ಅಲಂಕಾರದಂತೆ ಕಾಣುತ್ತದೆ. ಅವರಿಗೆ ಬ್ಲೂ-ಗ್ರೀನ್ ಸಾಕು, ಅದೂ ಜನ ಕಡಿಮೆ ಇರುವ ಹೊತ್ತಿನಲ್ಲಿ.

ಯಾರ ಜೊತೆ ಹೋಲಿಸುವುದು

ಆದರೂ ಕ್ಯಾನರಿಗೆ ಇನ್ನೊಂದು ಗಟ್ಟಿ ಗುಣವಿದೆ. ಬ್ಲೂ-ಗ್ರೀನ್‌ನಲ್ಲಿ ನಾವು ಹೋಲಿಸುವುದು ತಿರುಗಿಸುವ ಮೊದಲಿನ ಹತ್ತು ನಿಮಿಷವನ್ನು ಅನಂತರದ ಹತ್ತು ನಿಮಿಷದ ಜೊತೆ. ಅಷ್ಟರಲ್ಲಿ ಕ್ರಿಕೆಟ್ ಪಂದ್ಯ ಮುಗಿದು ಜನ ನುಗ್ಗಿರಬಹುದು, ಯಾವುದೋ ಬ್ಯಾಂಕ್ ಕೈಕೊಟ್ಟಿರಬಹುದು. ಬದಲಾವಣೆ ನಮ್ಮ ಕೋಡಿನದೋ ಲೋಕದ್ದೋ ತಿಳಿಯದು. ಕ್ಯಾನರಿಯಲ್ಲಿ ಹಳೆಯದೂ ಹೊಸದೂ ಒಂದೇ ಹೊತ್ತಿನಲ್ಲಿ ಓಡುತ್ತವೆ. ಬ್ಯಾಂಕ್ ಕೈಕೊಟ್ಟರೆ ಎರಡೂ ಕಡೆ ವೈಫಲ್ಯ ಏರುತ್ತದೆ.

ಇಷ್ಟಾದರೂ ಹೋಲಿಕೆ ಪೂರ್ತಿ ನ್ಯಾಯವಾಗಿರುವುದಿಲ್ಲ. ಹಳೆಯ ಸರ್ವರ್‌ಗಳು ವಾರಗಳಿಂದ ಓಡುತ್ತಿವೆ. ಅವುಗಳ ಕ್ಯಾಶ್ ತುಂಬಿದೆ, ಡೇಟಾಬೇಸ್ ಸಂಪರ್ಕಗಳು ತೆರೆದಿವೆ. ಕ್ಯಾನರಿ ಈಗಷ್ಟೇ ಎದ್ದಿದೆ, ಮೊದಲ ಕೆಲವು ನಿಮಿಷ ನಿಧಾನವಾಗಿಯೇ ಇರುತ್ತದೆ. ಹೊಸ ಕೋಡ್ ನಿಧಾನ ಎಂದು ತಪ್ಪು ತೀರ್ಪು ಕೊಡಲು ಇಷ್ಟು ಸಾಕು. ನೆಟ್‌ಫ್ಲಿಕ್ಸ್ ತಂಡ ಇದಕ್ಕೆ ಒಂದು ಚೆಂದದ ಉಪಾಯ ಮಾಡಿತು. ಕ್ಯಾನರಿಗೆಂದು ಹೊಸ ಸರ್ವರ್‌ಗಳನ್ನು ಎಬ್ಬಿಸುವಾಗ ಅಷ್ಟೇ ಸಂಖ್ಯೆಯ ಇನ್ನೂ ಕೆಲವು ಹೊಸ ಸರ್ವರ್‌ಗಳನ್ನು ಎಬ್ಬಿಸಿ ಅವುಗಳಿಗೆ ಹಳೆಯ ಕೋಡನ್ನೇ ಹಾಕುವುದು, ಎರಡಕ್ಕೂ ಸಮ ಪಾಲು ಟ್ರಾಫಿಕ್ ಕೊಡುವುದು, ಅವೆರಡನ್ನೇ ಹೋಲಿಸುವುದು. ಈ ಎರಡನೆಯ ಗುಂಪನ್ನು ಬೇಸ್‌ಲೈನ್ ಎನ್ನುತ್ತಾರೆ. 2018ರಲ್ಲಿ ನೆಟ್‌ಫ್ಲಿಕ್ಸ್ ಮತ್ತು ಗೂಗಲ್ ಸೇರಿ ಮುಕ್ತವಾಗಿ ಹಂಚಿದ ಕಯೆಂಟಾ ಎಂಬ ಸಾಧನ ಇದೇ ಹೋಲಿಕೆಯನ್ನು ತಾನಾಗಿ ಮಾಡಿ, ಮುಂದುವರಿಯಬಹುದೇ ಬೇಡವೇ ಎಂದು ಅಂಕ ಕೊಡುತ್ತದೆ.

ಅಳೆಯುವುದು ಏನನ್ನು ಎನ್ನುವುದೂ ಅಷ್ಟೇ ಮುಖ್ಯ. ಸರ್ವರ್ ಕೊಡುವ 500ರ ಎರರ್‌ಗಳನ್ನಷ್ಟೇ ಎಣಿಸಿದರೆ ನಮ್ಮ ಯುಪಿಐ ಬಗ್ ಸಿಕ್ಕುವುದಿಲ್ಲ. ಯಾಕೆಂದರೆ ಆ ಪುಟ ಎರರ್ ಕೊಡುವುದಿಲ್ಲ. 'ಪಾವತಿ ವಿಫಲ, ಮತ್ತೆ ಪ್ರಯತ್ನಿಸಿ' ಎಂದು ಬಹಳ ಸಭ್ಯವಾಗಿ ಹೇಳುತ್ತದೆ, ಸರ್ವರಿನ ಕಣ್ಣಿಗೆ ಅದು ಯಶಸ್ವಿ ಉತ್ತರ. ಬುಕ್ ಆದ ಟಿಕೆಟ್‌ಗಳನ್ನು ಎಣಿಸಿದರೆ ಮಾತ್ರ ಅದು ಕಾಣುತ್ತದೆ. ಮೆಮೊರಿ ನಿಧಾನವಾಗಿ ಸೋರುವಂಥ ದೋಷ ಇಪ್ಪತ್ತು ನಿಮಿಷದ ಕ್ಯಾನರಿಯಲ್ಲಿ ಹೇಗೂ ಕಾಣದು, ಅದು ಪೀಡಿಸುವುದು ಮೂರನೆಯ ದಿನ. ತಿಂಗಳ ಕೊನೆಯಲ್ಲಿ ಮಾತ್ರ ಓಡುವ ಬಿಲ್ಲಿಂಗ್ ಕೋಡಿನ ಬಗ್ಗಂತೂ ಯಾವ ವಿಧಾನಕ್ಕೂ ಸಿಕ್ಕುವುದಿಲ್ಲ.

ಹಿಂದಿರುಗಿದಾಗ ಹಳೆಯದು ಹಳೆಯದಾಗಿಯೇ ಇರುತ್ತದೆಯೇ

ಇಲ್ಲಿಯವರೆಗೆ ಎರಡು ಪ್ರತಿ ಎಂದು ಹೇಳುತ್ತ ಬಂದೆ. ಅದರಲ್ಲಿ ಒಂದು ಸುಳ್ಳು ಅಡಗಿದೆ. ಸರ್ವರ್‌ಗಳು ಎರಡು ಸೆಟ್ ಇರಬಹುದು, ಡೇಟಾಬೇಸ್ ಬಹುಮಟ್ಟಿಗೆ ಒಂದೇ. ಗ್ರಾಹಕರ ಬುಕಿಂಗ್‌ಗಳನ್ನು ಎರಡು ಕಡೆ ಇಟ್ಟು ಕ್ಷಣಕ್ಷಣಕ್ಕೂ ಸಮ ಮಾಡುವುದು ಯಾರಿಗೂ ಬೇಡವಾದ ತಲೆನೋವು. ಹೀಗಾಗಿ ಬ್ಲೂ, ಗ್ರೀನ್, ಕ್ಯಾನರಿ ಎಲ್ಲವೂ ಒಂದೇ ಬಾವಿಯಿಂದ ಸೇದುತ್ತವೆ, ಅದಕ್ಕೇ ಸುರಿಯುತ್ತವೆ.

ನಮ್ಮ ಟಿಕೆಟ್ ತಾಣದ ಹೊಸ ಆವೃತ್ತಿ ಅರ್ಧ ಹಣ ಹಿಂದಿರುಗಿಸುವ ಸೌಲಭ್ಯ ತಂದಿತು ಎನ್ನೋಣ. ಟಿಕೆಟಿನ ಸ್ಥಿತಿ ಬರೆಯುವ ಕಾಲಮಿನಲ್ಲಿ ಇದುವರೆಗೆ `CONFIRMED`, `CANCELLED` ಎಂಬ ಎರಡೇ ಪದಗಳಿದ್ದವು, ಈಗ `PARTIAL_REFUND` ಎಂಬ ಮೂರನೆಯದು ಸೇರಿತು. ಗ್ರೀನ್‌ಗೆ ಬಾಗಿಲು ತಿರುಗಿಸಿ ಮುಕ್ಕಾಲು ಗಂಟೆ ಕಳೆಯಿತು. ಮುನ್ನೂರು ಟಿಕೆಟ್‌ಗಳಿಗೆ ಹೊಸ ಸ್ಥಿತಿ ಬಂದಿದೆ. ಆಗ ಬೇರೆಲ್ಲೋ ಒಂದು ಬಗ್ ಸಿಕ್ಕಿ ಬ್ಲೂಗೆ ಹಿಂದಿರುಗಿದರು. ಬ್ಲೂಗೆ ಆ ಮೂರನೆಯ ಪದವೇ ಗೊತ್ತಿಲ್ಲ. ಅದೃಷ್ಟ ಚೆನ್ನಾಗಿದ್ದರೆ ಆ ಮುನ್ನೂರು ಜನರ ಪುಟ ತೆರೆಯದೆ ಎರರ್ ಬರುತ್ತದೆ. ಚೆನ್ನಾಗಿಲ್ಲದಿದ್ದರೆ ಕೋಡ್ ಬರೆದವರು 'ರದ್ದಾಗಿಲ್ಲದ್ದೆಲ್ಲ ಖಾತ್ರಿ' ಎಂದು ಬರೆದಿರುತ್ತಾರೆ. ಅರ್ಧ ಹಣ ವಾಪಸು ಪಡೆದವರ ಸೀಟೂ ಅವರ ಹೆಸರಲ್ಲೇ ಉಳಿಯುತ್ತದೆ.

ಬ್ಲೂ-ಗ್ರೀನ್‌ನಲ್ಲಿ ಈ ತೊಂದರೆ ಹಿಂದಿರುಗಿದಾಗ ಮಾತ್ರ ಬರುತ್ತದೆ. ಕ್ಯಾನರಿಯಲ್ಲಿ ಮೊದಲ ನಿಮಿಷದಿಂದಲೇ ಇರುತ್ತದೆ, ಯಾಕೆಂದರೆ ಹೊಸದು ಬರೆದದ್ದನ್ನು ಹಳೆಯದು ಆ ಕ್ಷಣವೇ ಓದುತ್ತಿದೆ. ಇನ್ನೂ ಕೆಟ್ಟ ಸಂಗತಿ ಎಂದರೆ ಆಗ ಎರರ್ ಏರುವುದು ಹಳೆಯ ಸರ್ವರ್‌ಗಳಲ್ಲಿ. ಹೋಲಿಸಿ ನೋಡುವ ಸಾಧನಕ್ಕೆ ಕ್ಯಾನರಿ ಹಳೆಯದಕ್ಕಿಂತ ಚೆನ್ನಾಗಿ ಕಂಡು, ಅದು ಮುಂದುವರಿಯಿರಿ ಎಂದು ಹಸಿರು ದೀಪ ತೋರಿಸಬಹುದು.

ಇದಕ್ಕೆ ಪರಿಹಾರ ಬೇಸರ ತರಿಸುವಷ್ಟು ಸರಳ. ಒಂದೇ ರಿಲೀಸನ್ನು ಎರಡಾಗಿ ಒಡೆಯುವುದು. ಮೊದಲನೆಯದು ಹೊಸ ಪದವನ್ನು ಓದಿ ಅರ್ಥ ಮಾಡಿಕೊಳ್ಳುತ್ತದೆ, ಬರೆಯುವುದಿಲ್ಲ. ಅದು ಎಲ್ಲ ಕಡೆ ಹರಡಿ ಕೆಲವು ದಿನ ಕಳೆದ ಮೇಲೆ ಬರೆಯುವ ಎರಡನೆಯದು. ಆಗ ಎರಡನೆಯದರಿಂದ ಮೊದಲನೆಯದಕ್ಕೆ ಹಿಂದಿರುಗಿದರೂ ಏನೂ ಮುರಿಯದು. ಕಾಲಮ್ ತೆಗೆಯುವುದು, ಹೆಸರು ಬದಲಿಸುವುದು ಎಲ್ಲವೂ ಹೀಗೇ: ಮೊದಲು ಹೊಸದನ್ನು ಸೇರಿಸು, ಎರಡಕ್ಕೂ ಬರೆ, ಓದುವವರನ್ನೆಲ್ಲ ಹೊಸದಕ್ಕೆ ಕರೆದುಕೊಂಡು ಹೋಗು, ಕೊನೆಗೆ ಹಳೆಯದನ್ನು ತೆಗೆ. ಈ ಶಿಸ್ತಿಲ್ಲದ ಕಡೆ ಬ್ಲೂ ಎಷ್ಟು ಹೊತ್ತು ಎದ್ದು ಕೂತಿದ್ದರೂ ಅದು ಬರೀ ತೋರಿಕೆಯ ಸುರಕ್ಷತೆ.

ಈಗ ನೈಟ್ ಕ್ಯಾಪಿಟಲ್ ಕತೆಗೆ ಬಂದರೆ ಅದು ಬೇರೆಯೇ ಆಗಿ ಕಾಣುತ್ತದೆ. ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ 2013ರ ಅಕ್ಟೋಬರಿನಲ್ಲಿ ಹೊರಡಿಸಿದ ಆದೇಶದಲ್ಲಿ ಒಂದು ವಿವರವಿದೆ, ಕತೆ ಹೇಳುವವರು ಅದನ್ನು ಬಿಟ್ಟುಬಿಡುತ್ತಾರೆ. ಸಂಸ್ಥೆ ಹೊಸ ಕೋಡನ್ನು ಒಮ್ಮೆಲೇ ಹಾಕಿರಲಿಲ್ಲ. ಜುಲೈ 27ರಿಂದ ದಿನಕ್ಕೆ ಕೆಲವು ಸರ್ವರ್‌ಗಳಂತೆ ಹಂತಹಂತವಾಗಿಯೇ ಹಾಕಿತ್ತು! ನೋಡಲು ಕ್ಯಾನರಿಯಂತೆಯೇ ಇದೆ. ಆದರೆ ಹೊಸ ಯೋಜನೆಯ ಆರ್ಡರ್‌ಗಳು ಬರಲು ಶುರುವಾಗಿದ್ದು ಆಗಸ್ಟ್ 1ರಂದು. ಅಲ್ಲಿಯವರೆಗೆ ಆ ಫ್ಲಾಗ್ ಹೊತ್ತ ಒಂದು ಆರ್ಡರ್ ಕೂಡ ಬಂದಿರಲಿಲ್ಲ. ಹೊಸ ಕೋಡಿನ ಮೂಲಕ ಏನೂ ಹಾದುಹೋಗದೆ ಕಳೆದ ದಿನಗಳು ಯಾವುದನ್ನೂ ಸಾಬೀತು ಮಾಡುವುದಿಲ್ಲ.

ಸರಿ, ನಿಜವಾದ ಕ್ಯಾನರಿ ಮಾಡಿದ್ದರೆ? ಒಂದು ಸರ್ವರಿಗೆ ಹೊಸದು, ಏಳಕ್ಕೆ ಹಳೆಯದು, ಹೊಸ ಆರ್ಡರ್‌ಗಳು ಎಂಟಕ್ಕೂ. ಆಗ ಪವರ್ ಪೆಗ್ ಎದ್ದೇಳುತ್ತಿದ್ದದ್ದು ಒಂದರಲ್ಲಲ್ಲ, ಏಳರಲ್ಲಿ. ಆ ತಪ್ಪು ಇದ್ದದ್ದು ಹೊಸ ಕೋಡಿನಲ್ಲಲ್ಲ. ಹೊಸ ಸಂದೇಶ ಓದಿದ ಹಳೆಯ ಕೋಡಿನಲ್ಲಿ. ಬ್ಲೂ-ಗ್ರೀನ್ ಮಾಡಿದ್ದರೆ ಮೊದಲ ಅವಘಡ ತಪ್ಪುವ ಸಾಧ್ಯತೆ ಇತ್ತು, ಯಾಕೆಂದರೆ ಗ್ರೀನ್ ಇಡಿಯಾಗಿ ಒಂದೇ ಆವೃತ್ತಿಯಲ್ಲಿದೆಯೇ ಎಂದು ತಿರುಗಿಸುವ ಮೊದಲು ನೋಡಲೇಬೇಕಾಗುತ್ತದೆ. ಆದರೆ ಬೇರೆ ಯಾವುದೇ ಕಾರಣಕ್ಕೆ ಬ್ಲೂಗೆ ಹಿಂದಿರುಗಿದ್ದರೆ ಎಂಟೂ ಸರ್ವರ್‌ಗಳು ಷೇರು ಕೊಳ್ಳಲು ಹೊರಡುತ್ತಿದ್ದವು. ಇದು ಊಹೆಯಲ್ಲ. ಆ ಬೆಳಿಗ್ಗೆ ಗಾಬರಿಯಲ್ಲಿ ಅವರು ಮಾಡಿದ ಕೆಲಸಗಳಲ್ಲಿ ಒಂದು ಹೊಸ ಕೋಡನ್ನು ಆ ಏಳು ಸರ್ವರ್‌ಗಳಿಂದ ತೆಗೆದುಹಾಕಿದ್ದು. ರೋಲ್‌ಬ್ಯಾಕ್ ಎಂದರೆ ಸುರಕ್ಷಿತ ಎಂಬ ನಂಬಿಕೆ. ಆ ಮೇಲೆ ಉಳಿದ ಸರ್ವರ್‌ಗಳೂ ಎಂಟನೆಯದರಂತೆಯೇ ನಡೆದುಕೊಂಡವು.

ಪೇಟೆ ತೆರೆಯುವ ಮೊದಲೇ, 8:01ರಿಂದ, ಅವರ ವ್ಯವಸ್ಥೆ 'ಪವರ್ ಪೆಗ್' ಎಂಬ ಹೆಸರಿರುವ ಇಮೇಲ್‌ಗಳನ್ನು ತಾನಾಗಿ ಸಿಬ್ಬಂದಿಗೆ ಕಳಿಸಿತ್ತು, ಒಟ್ಟು 97. ಅವನ್ನು ಎಚ್ಚರಿಕೆ ಎಂದು ಯಾರೂ ಓದಲಿಲ್ಲ, ಎಚ್ಚರಿಕೆಗಾಗಿ ರೂಪಿಸಿದ ಇಮೇಲ್‌ಗಳೂ ಅವಾಗಿರಲಿಲ್ಲ.

ಹಿಂದಿರುಗಲು ಬಾಗಿಲೇ ಇಲ್ಲದ ಕಡೆ

ಇದುವರೆಗಿನ ಮಾತೆಲ್ಲ ಸರ್ವರ್‌ಗಳು ನಮ್ಮವೇ ಆಗಿದ್ದಾಗ. ತಂತ್ರಾಂಶ ಬೇರೆಯವರ ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಕೂರುವುದಾದರೆ ಬ್ಲೂ-ಗ್ರೀನ್ ಎಂಬ ಆಯ್ಕೆಯೇ ಇಲ್ಲ. 2024ರ ಜುಲೈ 19ರಂದು ಆದದ್ದು ಅದು. ಭದ್ರತಾ ತಂತ್ರಾಂಶದ ಕ್ರೌಡ್‌ಸ್ಟ್ರೈಕ್ ಕಂಪನಿ ಭಾರತೀಯ ಕಾಲಮಾನ ಬೆಳಿಗ್ಗೆ 9:39ಕ್ಕೆ ಒಂದು ಸಣ್ಣ ಸಂರಚನಾ ಫೈಲನ್ನು ವಿಂಡೋಸ್ ಬಳಸುವ ಗ್ರಾಹಕರಿಗೆ ಒಮ್ಮೆಲೇ ಕಳಿಸಿತು. ಫೈಲ್ 21 ಅಂಶಗಳನ್ನು ನಿರೀಕ್ಷಿಸುತ್ತಿತ್ತು, ಅದಕ್ಕೆ ಸಿಗುತ್ತಿದ್ದದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಹೋಗಿ ವಿಂಡೋಸ್ ಕುಸಿದು ನೀಲಿ ಪರದೆ ತೋರಿಸಿತು. 10:57ಕ್ಕೆ ಕಂಪನಿ ಫೈಲನ್ನು ಹಿಂತೆಗೆದುಕೊಂಡಿತು, 78 ನಿಮಿಷದಲ್ಲಿ. ಅಷ್ಟರೊಳಗೆ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ಬಿದ್ದಿದ್ದವು. ಬೆಂಗಳೂರು ಸೇರಿ ನಮ್ಮ ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ಕೈಕೆಲಸವಾಯಿತು. ಕೆಲವೆಡೆ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು.

ಹಿಂತೆಗೆದುಕೊಂಡದ್ದರಿಂದ ಬಿದ್ದ ಬಹುಪಾಲು ಯಂತ್ರಗಳಿಗೆ ಉಪಯೋಗವಾಗಲಿಲ್ಲ. ಬೂಟ್ ಆಗುವಾಗಲೇ ಕುಸಿಯುವ ಕಂಪ್ಯೂಟರ್ ಹೊಸ ಫೈಲ್ ತರಿಸಿಕೊಳ್ಳಲಾರದು. ಒಂದೊಂದರ ಮುಂದೆಯೂ ಒಬ್ಬರು ಕೂತು, ಸೇಫ್ ಮೋಡಿನಲ್ಲಿ ತೆರೆದು, `C-00000291*.sys` ಎಂಬ ಫೈಲನ್ನು ಅಳಿಸಬೇಕಾಯಿತು. ವಿಚಿತ್ರವೆಂದರೆ ತಂತ್ರಾಂಶದ ಮುಖ್ಯ ಭಾಗದ ಆವೃತ್ತಿಯನ್ನು ಗ್ರಾಹಕರು ತಡೆಹಿಡಿದು ಒಂದೆರಡು ಹೆಜ್ಜೆ ಹಿಂದೆ ಉಳಿಯಬಹುದಿತ್ತು. ಹೀಗೆ ದಿನವೂ ಹೋಗುವ ಫೈಲುಗಳಿಗೆ ಆ ತಡೆ ಇರಲಿಲ್ಲ, ಅವು ಕೋಡ್ ಅಲ್ಲ, ಬರೀ ಮಾಹಿತಿ ಎಂಬ ಲೆಕ್ಕದಲ್ಲಿ. ಇನ್ನು ಮುಂದೆ ಅವನ್ನೂ ಕ್ಯಾನರಿಯಿಂದ ಶುರುಮಾಡಿ ಹಂತಹಂತವಾಗಿ ಕಳಿಸುತ್ತೇವೆ ಎಂದು ಕಂಪನಿ ಆಮೇಲೆ ಹೇಳಿತು.

ನೂರರಲ್ಲಿ ಒಂದಕ್ಕೆ ಮೊದಲು ಕಳಿಸಿ ಕೆಲವು ನಿಮಿಷ ಕಾದಿದ್ದರೂ ಇದು ಸಿಕ್ಕುತ್ತಿತ್ತು. ಆದರೆ ಸರಿಯಾದದ್ದನ್ನು ಅಳೆಯುತ್ತಿದ್ದರೆ ಮಾತ್ರ. ಕುಸಿದ ಯಂತ್ರ ಎರರ್ ವರದಿ ಕಳಿಸುವುದಿಲ್ಲ, ಏನನ್ನೂ ಕಳಿಸುವುದಿಲ್ಲ. ಎರರ್‌ಗಳ ಗ್ರಾಫ್ ನೋಡುತ್ತ ಕೂತವರಿಗೆ ಅದು ನೆಟ್ಟಗೆ, ಸೊನ್ನೆಯಲ್ಲೇ ಕಾಣುತ್ತದೆ. ಇಲ್ಲಿ ಎಣಿಸಬೇಕಾದದ್ದು ಫೈಲ್ ಪಡೆದ ಯಂತ್ರಗಳಲ್ಲಿ ಎಷ್ಟು ಮತ್ತೆ ಬಂದು ನಾನಿದ್ದೇನೆ ಎಂದವು ಎನ್ನುವುದನ್ನು.

ಫೋನಿನ ಆಪ್‌ಗಳ ಪಾಡೂ ಇದೇ ಬಗೆಯದು. ಪ್ಲೇ ಸ್ಟೋರಿನಲ್ಲಿ ಹೊಸ ಆವೃತ್ತಿಯನ್ನು ಮೊದಲು ಶೇ 1ರಷ್ಟು ಜನರಿಗೆ ಕೊಟ್ಟು, ಕ್ರ್ಯಾಶ್ ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಬಹುದು. ನಿಲ್ಲಿಸಿದರೆ ಹೊಸಬರಿಗೆ ಹೋಗುವುದಿಲ್ಲ, ಆದರೆ ಆಗಲೇ ಪಡೆದವರ ಫೋನಿನಲ್ಲಿ ಕೆಟ್ಟ ಆವೃತ್ತಿ ಹಾಗೆಯೇ ಇರುತ್ತದೆ. ಅವರನ್ನು ಹಳೆಯದಕ್ಕೆ ಮರಳಿಸಲು ಬರುವುದಿಲ್ಲ. ಹಳೆಯ ಕೋಡನ್ನೇ ಕಳಿಸುವುದಾದರೂ ಅದಕ್ಕೆ ಇನ್ನೂ ದೊಡ್ಡ ಆವೃತ್ತಿ ಸಂಖ್ಯೆ ಕೊಟ್ಟು, ಹೊಸದೆಂಬಂತೆ ಮತ್ತೆ ಸ್ಟೋರಿಗೆ ಏರಿಸಬೇಕು. ಅದು ಪರಿಶೀಲನೆಯಾಗಿ ಅವರ ಫೋನ್ ಸೇರುವವರೆಗೆ ಕಾಯಬೇಕು.